ಹದಿನೈದು ವರ್ಷದ 412 ಬರಹ: ಯಾವುದು ಇರಲಿ, ಯಾವುದು ಹೋಗಲಿ

ಮಾರ್ಚ್ ತಿಂಗಳ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಆ ಕಡೆ ಇದ್ದವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹಿರಿಯರು. "ಸರ್, ನೀವು ಬರೆದ ಹಾಗೇ ಮಾಡ್ತಾ ಇದ್ದೀನಿ. ಕಂಟ್ರೋಲ್ ಪ್ಯಾನೆಲ್‌ಗೆ ಹೋದೆ. ಲ್ಯಾಂಗ್ವೇಜಸ್ ಅನ್ನೋ ಟ್ಯಾಬ್ ಸಿಗ್ತಾನೇ ಇಲ್ಲ" ಅಂದರು. ಅವರು ನೋಡುತ್ತಿದ್ದದ್ದು 2009ರಲ್ಲಿ ನಾನು ವಿಂಡೋಸ್ ಎಕ್ಸ್‌ಪಿಗೆ ಬರೆದಿದ್ದ ಬರಹ. ಅವರ ಮುಂದೆ ಇದ್ದದ್ದು ವಿಂಡೋಸ್ 11. ಅರ್ಧ ಗಂಟೆ ಹುಡುಕಿ ಸುಸ್ತಾಗಿ ಫೋನ್ ಮಾಡಿದ್ದರು. ತಪ್ಪು ತಮ್ಮದೇ ಇರಬೇಕು ಅಂತ ಅವರು ಅಂದುಕೊಂಡಿದ್ದರಲ್ಲ, ಅದು ನನಗೆ ಬಹಳ ಚುಚ್ಚಿತು.

ಕಂಪ್ಯೂಟರ್ ಮತ್ತು ಮೊಬೈಲಿನಲ್ಲಿ ಕನ್ನಡ ಬಳಸುವುದು ಹೇಗೆ ಅಂತ 2009ರಿಂದ ನನ್ನ ಸೈಟಿನಲ್ಲಿ ಬರೆಯುತ್ತಿದ್ದೇನೆ. ಬರೆದದ್ದನ್ನು ಹಿಂತಿರುಗಿ ನೋಡಿದ್ದು ಕಡಿಮೆ. ಎಷ್ಟು ಬರಹ ಇವೆ ಅಂತಲೂ ಅವತ್ತು ನನಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದು ಸಲ ತೆಗೆದು ನೋಡಿ, ಪ್ರತಿ ಬರಹಕ್ಕೂ ಒಂದು ತೀರ್ಮಾನ ಕೊಡಬೇಕು ಅಂತ ಅವತ್ತೇ ರಾತ್ರಿ ಕೂತೆ. ಇರಲಿ, ಸೇರಿಸು, ತಿದ್ದು, ತೆಗೆ. ಈ ನಾಲ್ಕರಲ್ಲಿ ಒಂದು. ಏಳು ವಾರ ಹಿಡಿಯಿತು. ಏನು ಮಾಡಿದೆ, ಎಲ್ಲಿ ಎಡವಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಕನ್ನಡದ ಸೈಟಿಗೆ ಈ ಕೆಲಸ ಮಾಡುವಾಗ ಬರುವ ಕೆಲವು ತೊಡಕುಗಳ ಬಗ್ಗೆ ನನಗೆ ಎಲ್ಲೂ ಓದಲು ಸಿಗಲಿಲ್ಲ.

ಮೊದಲನೇ ವಾರ: ಪಟ್ಟಿ

ಮೊದಲು ಡೇಟಾಬೇಸಿನ ಪ್ರತಿ ತೆಗೆದು ಬೇರೆ ಡಿಸ್ಕಿಗೆ ಹಾಕಿಕೊಂಡೆ. ಆಮೇಲೆ ಪಟ್ಟಿ. ನನ್ನದು ವರ್ಡ್‌ಪ್ರೆಸ್ ಸೈಟ್ ಆದ್ದರಿಂದ ಕಮಾಂಡ್ ಲೈನಿನಲ್ಲಿ ಎರಡೇ ಸಾಲಿನ ಕೆಲಸ.

```
wp db export before-audit.sql
wp post list --post_type=post --post_status=publish --fields=ID,post_title,post_name,post_date,post_modified,url --format=csv > posts.csv
```

412 ಬರಹ ಬಂದವು. ಶೀಟಿನಲ್ಲಿ ತೆರೆದ ಕೂಡಲೇ ಮೊದಲ ತೊಡಕು ಕಾಣಿಸಿತು. ವಿಳಾಸಗಳನ್ನು ಮೊದಲಿನಿಂದಲೂ ಕನ್ನಡದಲ್ಲೇ ಇಟ್ಟುಕೊಂಡು ಬಂದಿದ್ದೇನೆ. ಬ್ರೌಸರಿನಲ್ಲಿ ಅವು ಚೆಂದ ಕಾಣುತ್ತವೆ. ಆದರೆ ಒಳಗೆ ಅವು ಇರುವುದು ಶೇಕಡಾ ಚಿಹ್ನೆಗಳ ಸಾಲಾಗಿ. `ಕ` ಎಂಬ ಒಂದು ಅಕ್ಷರ `%e0%b2%95` ಆಗುತ್ತದೆ. ಅಂದರೆ ಒಂದಕ್ಕೆ ಒಂಬತ್ತು ಜಾಗ. ಒತ್ತು, ದೀರ್ಘ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಒಂಬತ್ತು.

ಇದರಿಂದ ಏನಾಗುತ್ತದೆ ನೋಡಿ. ಬರಹದ ವಿಳಾಸಕ್ಕೆ ಡೇಟಾಬೇಸಿನಲ್ಲಿ ಇರುವ ಜಾಗ 200. ಒಂಬತ್ತರಿಂದ ಭಾಗಿಸಿದರೆ 22 ಚಿಹ್ನೆಗಳಷ್ಟೇ ಹಿಡಿಯುತ್ತವೆ. ನನ್ನ ಎರಡು ಬರಹಗಳ ತಲೆಬರಹ ಹೀಗಿದ್ದವು: "ವಿಂಡೋಸ್ 7ರಲ್ಲಿ ಕನ್ನಡ ಟೈಪ್ ಮಾಡುವುದು ಹೇಗೆ" ಮತ್ತು "ವಿಂಡೋಸ್ 7ರಲ್ಲಿ ಕನ್ನಡ ಟೈಪ್ ಆಗದಿದ್ದರೆ". ಎರಡೂ "ಟೈಪ್" ಎಂಬಲ್ಲಿಗೆ ಬರುವಾಗ 193 ಜಾಗ ತುಂಬಿತ್ತು. ಮುಂದಿನ ಅಕ್ಷರಕ್ಕೆ ಜಾಗ ಇಲ್ಲ, ಅಲ್ಲಿಗೆ ಕತ್ತರಿ. ಒಂದರ ವಿಳಾಸ `ವಿಂಡೋಸ್-7ರಲ್ಲಿ-ಕನ್ನಡ-ಟೈಪ್`, ಇನ್ನೊಂದರದು ಅದೇ, ಕೊನೆಗೆ `-2`. ವಿಳಾಸ ನೋಡಿ ಯಾವುದು ಯಾವ ಬರಹ ಅಂತ ಹೇಳಲು ಆಗುವುದಿಲ್ಲ. ಒಂದೇ ಬರಹವನ್ನು ಎರಡು ಸಲ ಹಾಕಿದ್ದೇನೆ ಅಂತಲೇ ಮೊದಲು ಅಂದುಕೊಂಡೆ. ಕೊನೆಗೆ `-2`, `-3` ಇರುವ ಬರಹಗಳನ್ನು ನಕಲು ಅಂತ ಒಟ್ಟಿಗೆ ತೆಗೆದು ಹಾಕುವ ಯೋಚನೆ ಇದ್ದರೆ, ಕನ್ನಡದ ಸೈಟಿನಲ್ಲಿ ಅದನ್ನು ಮಾತ್ರ ಮಾಡಬೇಡಿ. ತಲೆಬರಹವನ್ನೇ ನೋಡಿ.

ಎರಡನೇ ತೊಡಕು ಲೆಕ್ಕಗಳನ್ನು ಜೋಡಿಸುವಾಗ ಬಂತು. ಬರಹಗಳ ಪಟ್ಟಿ ಒಂದು ಕಡೆ, ಗೂಗಲಿನಲ್ಲಿ ಹುಡುಕಿ ಎಷ್ಟು ಜನ ಬಂದರು ಅಂತ ಹೇಳುವ ಗೂಗಲ್ ಸರ್ಚ್ ಕನ್ಸೋಲಿನ ಲೆಕ್ಕ ಇನ್ನೊಂದು ಕಡೆ, ಸೈಟಿಗೆ ಬಂದವರನ್ನೆಲ್ಲ ಬರೆದಿಡುವ ಸರ್ವರ್ ಲಾಗ್ ಮತ್ತೊಂದು ಕಡೆ. ಮೂರನ್ನೂ ವಿಳಾಸದ ಮೇಲೆ ಜೋಡಿಸಬೇಕು. ಡೇಟಾಬೇಸಿನಲ್ಲಿ `%e0` ಅಂತ ಸಣ್ಣಕ್ಷರ, ಲಾಗಿನ ಕೆಲವು ಸಾಲುಗಳಲ್ಲಿ `%E0` ಅಂತ ದೊಡ್ಡಕ್ಷರ. ಶೀಟಿನ ಪ್ರಕಾರ ಅವು ಬೇರೆ ಬೇರೆ. ಫೇಸ್‌ಬುಕ್ಕಿನಿಂದ ಬಂದ ವಿಳಾಸಗಳಿಗೆ ಪ್ರಶ್ನೆ ಚಿಹ್ನೆ ಹಾಕಿ ಬಾಲ ಬೇರೆ ಅಂಟಿಕೊಂಡಿರುತ್ತದೆ. ಇದರ ಮೇಲೆ ಯೂನಿಕೋಡಿನದೇ ಒಂದು ಗುಣ ಇದೆ. `ಡೋ`ದಲ್ಲಿರುವ ಓತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. "ವಿಂಡೋಸ್‌ನಲ್ಲಿ" ಎಂಬ ಪದದಲ್ಲಿ ಸ್ ಮತ್ತು ನ ಕೂಡದ ಹಾಗೆ ನಡುವೆ ಹಾಕುವ ಕಾಣದ ಚಿಹ್ನೆಯೂ ಹಾಗೇ. ಕೆಲವು ತಲೆಬರಹಗಳಲ್ಲಿ ಹಾಕಿದ್ದೆ, ಕೆಲವದರಲ್ಲಿ ಇಲ್ಲ. ಎಲ್ಲವನ್ನೂ ಒಂದು ಅಚ್ಚಿಗೆ ತರಲು ಈ ಪುಟ್ಟ ತುಣುಕು ಸಾಕಾಯಿತು.

```
from urllib.parse import unquote, urlsplit
import unicodedata

def clean(u):
    u = unquote(urlsplit(u).path).rstrip("/")
    u = u.replace("\u200c", "").replace("\u200d", "")
    return unicodedata.normalize("NFC", u)
```

ಇದು ಹೋಲಿಸಿ ನೋಡಲು ಮಾತ್ರ. ನಿಜವಾದ ವಿಳಾಸವನ್ನಾಗಲಿ ಬರಹವನ್ನಾಗಲಿ ಇದರಿಂದ ತಿದ್ದಬಾರದು. ತಿದ್ದಿದರೆ ಬೇಕಾದ ಕಡೆಯ ಕಾಣದ ಚಿಹ್ನೆಯೂ ಹೋಗಿಬಿಡುತ್ತದೆ.

ಇದಕ್ಕೆ ಮುಂಚೆ ಶೀಟಿನಲ್ಲಿ 140 ಬರಹಗಳ ಮುಂದೆ, ಬಂದವರು ಎಷ್ಟು ಎಂಬಲ್ಲಿ, ಸೊನ್ನೆ ಇತ್ತು. ಆದಮೇಲೆ 52 ಉಳಿದವು. ಹೆಚ್ಚು ಕಡಿಮೆ 90 ಬರಹಗಳನ್ನು "ಯಾರೂ ಓದುವುದಿಲ್ಲ" ಅಂತ ಸುಮ್ನೆ ತೆಗೆದು ಹಾಕಿಬಿಡುತ್ತಿದ್ದೆ.

ಎರಡನೇ ವಾರ: ಲೆಕ್ಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಪೂರ್ತಿ 16 ತಿಂಗಳನ್ನೇ ತೆಗೆದುಕೊಳ್ಳಿ, ಮೂರು ತಿಂಗಳದ್ದು ಸಾಲದು. ಬ್ಯಾನರಿಗೆ ಒಪ್ಪುವ ಕನ್ನಡ ಫಾಂಟ್‌ಗಳ ಬಗ್ಗೆ ನನ್ನದೊಂದು ಬರಹ ಇದೆ. ವರ್ಷದ ಹನ್ನೊಂದು ತಿಂಗಳು ಅದರ ಕಡೆ ಯಾರೂ ಬರುವುದಿಲ್ಲ. ಅಕ್ಟೋಬರ್ ಕೊನೆಗೆ, ರಾಜ್ಯೋತ್ಸವದ ಹೊತ್ತಿಗೆ, ಒಮ್ಮೆಲೇ ಜನ ಬರುತ್ತಾರೆ. ನಾನು ಕೆಲಸಕ್ಕೆ ಕೂತದ್ದು ಮಾರ್ಚ್‌ನಲ್ಲಿ. ಹಿಂದಿನ ಮೂರು ತಿಂಗಳ ಲೆಕ್ಕದಲ್ಲಿ ಅದು ಸತ್ತ ಬರಹ.

ಇನ್ನೆರಡು ಮಿತಿಗಳು. ವೆಬ್ ಪುಟದಿಂದ ಇಳಿಸಿಕೊಂಡರೆ ಒಂದು ಪಟ್ಟಿಗೆ 1000 ಸಾಲು ಮಾತ್ರ ಸಿಗುತ್ತದೆ. ನನ್ನ 412 ಬರಹಕ್ಕೆ ಅದು ಸಾಕು, ದೊಡ್ಡ ಸೈಟಿಗೆ ಸಾಲುವುದಿಲ್ಲ. ಮತ್ತೆ, ತೀರಾ ಕೆಲವೇ ಜನ ಹುಡುಕಿದ ಪದಗಳನ್ನು ಗೂಗಲ್ ತೋರಿಸುವುದಿಲ್ಲ. ಕನ್ನಡದಲ್ಲಿ ಹುಡುಕುವವರು ಒಂದೇ ಪ್ರಶ್ನೆಯನ್ನು ಹತ್ತು ಬಗೆಯಲ್ಲಿ ಬರೆಯುತ್ತಾರೆ, ಎಷ್ಟೋ ಜನ `kannada typing madodu hege` ಅಂತ ಇಂಗ್ಲಿಷ್ ಅಕ್ಷರದಲ್ಲಿ. ಒಂದೊಂದು ಬಗೆಗೂ ಒಬ್ಬಿಬ್ಬರು. ಹಾಗಾಗಿ ನಮ್ಮ ಸೈಟುಗಳಲ್ಲಿ ಈ ಕಾಣದ ಭಾಗ ಸಣ್ಣದಲ್ಲ. ಪದಗಳ ಪಟ್ಟಿ ಖಾಲಿ ಇದ್ದರೂ ಪುಟಗಳ ಪಟ್ಟಿಯಲ್ಲಿ ಕ್ಲಿಕ್ ಇರಬಹುದು. ಎರಡನ್ನೂ ನೋಡಬೇಕು.

ಇದಕ್ಕಿಂತ ಹಳೆಯ ಲೆಕ್ಕ ನನ್ನ ಹತ್ತಿರ ಇಲ್ಲ. ಗೂಗಲ್‌ನ ಹಳೆಯ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಲೆಕ್ಕ ಹಾಕುವುದನ್ನು ನಿಲ್ಲಿಸಿತ್ತು. ಸಮಯ ಇದ್ದಾಗ ಅದನ್ನು ಇಳಿಸಿಟ್ಟುಕೊಳ್ಳಲಿಲ್ಲ. ಆ ಬೇಸರ ಈಗಲೂ ಇದೆ.

ಸರ್ವರ್ ಲಾಗ್ ನೋಡಿದ್ದು ನನ್ನ ತಂಗಿಯ ಒಂದು ಮಾತಿನಿಂದ. ಅವಳು ಶಿವಮೊಗ್ಗದ ಕಡೆ ಹೈಸ್ಕೂಲ್ ಟೀಚರ್. ಪಟ್ಟಿ ತೋರಿಸಿ, "ನೋಡು, ಈ ಕೀಬೋರ್ಡ್ ಚಿತ್ರದ ಬರಹಕ್ಕೆ 16 ತಿಂಗಳಲ್ಲಿ ಬಂದಿರೋದು 11 ಜನ" ಅಂದೆ. "ಅಣ್ಣಾ, ಅದನ್ನ ತೆಗೀಬೇಡ. ನಮ್ಮ ಟೀಚರ್ಸ್ ಗ್ರೂಪಲ್ಲಿ ಪ್ರತಿ ಜೂನ್‌ಗೂ ಅದೇ ಲಿಂಕ್ ಹಾಕ್ತಾರೆ" ಅಂದಳು. ಹುಡುಕಿ ಬಂದವರು 11, ನಿಜ. ವಾಟ್ಸ್ಆ್ಯಪಿನಲ್ಲಿ ಲಿಂಕ್ ಒತ್ತಿ ಬಂದವರನ್ನು ಸರ್ಚ್ ಕನ್ಸೋಲ್ ಎಣಿಸುವುದಿಲ್ಲ. ಲಾಗಿನಲ್ಲಿ ಅವರು "ಎಲ್ಲಿಂದ ಬಂದರು" ಎಂಬ ಜಾಗ ಖಾಲಿ ಇರುವ ಸಾಲುಗಳಾಗಿ ಕಾಣುತ್ತಾರೆ. ಬಾಟ್‌ಗಳನ್ನು ಕಳೆದು ಎಣಿಸಿದರೆ, ಹುಡುಕಾಟದಿಂದ ಹೆಚ್ಚು ಜನ ಬಾರದ ಇಂಥ ಹದಿನಾಲ್ಕು ಬರಹ ಸಿಕ್ಕವು.

ಹೊರಗಿನ ಲಿಂಕ್‌ಗಳನ್ನೂ ಅದೇ ವಾರ ಗುರುತು ಮಾಡಿದೆ. ಸರ್ಚ್ ಕನ್ಸೋಲಿನ ಲಿಂಕ್ ವರದಿಯಲ್ಲಿ ಯಾವ ಸೈಟು ನಿಮ್ಮ ಯಾವ ಪುಟಕ್ಕೆ ಲಿಂಕ್ ಕೊಟ್ಟಿದೆ ಅಂತ ಸಿಗುತ್ತದೆ. ನನ್ನ ಎರಡು ಬರಹಗಳನ್ನು ಕನ್ನಡ ವಿಕಿಪೀಡಿಯದಲ್ಲಿ ಆಧಾರವಾಗಿ ಕೊಟ್ಟಿದ್ದಾರೆ ಅಂತ ಗೊತ್ತಾದದ್ದೇ ಆವಾಗ. ಅವುಗಳ ಮುಂದೆ ಕೆಂಪು ಬಣ್ಣ ಹಾಕಿ, ವಿಳಾಸ ಮುಟ್ಟಬಾರದು ಅಂತ ಬರೆದೆ.

ಮೂರನೇ ವಾರ: ಸೊನ್ನೆ ಬಂದ 52

ಲೆಕ್ಕ ಎಲ್ಲಿ ನೋಡಬೇಕು ಅಂತ ಹೇಳುತ್ತದೆ, ಏನು ಮಾಡಬೇಕು ಅಂತ ಹೇಳುವುದಿಲ್ಲ. ಹಾಗಾಗಿ ಸೊನ್ನೆ ಬಂದವನ್ನು ಒಂದೊಂದಾಗಿ ತೆರೆದೆ. ಹೆಚ್ಚಿನವು ನಿಜಕ್ಕೂ ಕೆಲಸ ಮುಗಿದ ಬರಹಗಳೇ. "ಇವತ್ತು ರಾತ್ರಿ ಸೈಟ್ ಎರಡು ಗಂಟೆ ಬಂದ್ ಇರುತ್ತದೆ", "ಭಾನುವಾರ ಕಾರ್ಯಾಗಾರ ಇದೆ, ಬನ್ನಿ", ಇಂಥವು. ಆದರೆ ಇಪ್ಪತ್ತೆಂಟನೆಯದನ್ನು ತೆರೆದಾಗ ಪರದೆಯ ತುಂಬ ಇದು:

```
PÀ£ÀßqÀ
```

ಇದು "ಕನ್ನಡ" ಎಂಬ ಪದ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ಹೀಗಾಗುತ್ತದೆ. ಆ ಪದ್ಧತಿಯಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಅಕ್ಷರಗಳು. ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ಬಿಡಿಸುತ್ತದೆ. ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಮೊದಲ ವರ್ಷಗಳಲ್ಲಿ ಒಂದು ಫಾಂಟನ್ನು ಸೈಟಿಗೇ ಜೋಡಿಸಿದ್ದೆ, ಆಗ ಸರಿ ಕಾಣುತ್ತಿತ್ತು. ಯಾವಾಗಲೋ ಸೈಟಿನ ವಿನ್ಯಾಸ ಬದಲಿಸಿದಾಗ ಆ ಫಾಂಟ್ ಬಿಟ್ಟುಹೋಯಿತು.

ಸೊನ್ನೆ ಯಾಕೆ ಅಂತ ಆಗ ಅರ್ಥ ಆಯಿತು. ಈ ಅಕ್ಷರಗಳನ್ನು ಯಾರು ಹುಡುಕುತ್ತಾರೆ? ಬರಹ ಕೆಟ್ಟದಲ್ಲ. ಅದು ಕನ್ನಡ ಅಂತ ಯಾವ ಹುಡುಕುಯಂತ್ರಕ್ಕೂ ಗೊತ್ತೇ ಇಲ್ಲ. ಇಂಥವು ಇನ್ನೂ ಎಲ್ಲೆಲ್ಲಿ ಅಡಗಿವೆ ಅಂತ ನೋಡಲು, ಬರಹದ ಒಟ್ಟು ಅಕ್ಷರಗಳಲ್ಲಿ ಕನ್ನಡ ಯೂನಿಕೋಡ್ ಎಷ್ಟು ಪಾಲು ಅಂತ ಲೆಕ್ಕ ಹಾಕಿದೆ.

```
import re

def kannada_share(t):
    t = re.sub(r"<[^>]+>|\s", "", t)
    return len(re.findall(r"[\u0C80-\u0CFF]", t)) / max(len(t), 1)
```

ನನ್ನ ಮಾಮೂಲಿ ಬರಹಗಳಿಗೆ 0.8ರ ಮೇಲೆ ಬರುತ್ತದೆ. ಕೋಡ್ ಇರುವ ಬರಹಗಳಿಗೆ 0.4, 0.5. ಆಸ್ಕಿ ಬರಹಗಳಿಗೆ ಹತ್ತಿರ ಹತ್ತಿರ ಸೊನ್ನೆ. ಒಂಬತ್ತು ಸಿಕ್ಕವು. ಅವುಗಳಲ್ಲಿ ಒಂದು, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಒತ್ತಕ್ಷರ ಹೇಗೆ ಮೂಡುತ್ತದೆ ಅಂತ ನಾನು ಬಹಳ ಕಷ್ಟಪಟ್ಟು ಬರೆದದ್ದು. ನನ್ನ ಪ್ರಕಾರ ಸೈಟಿನ ಒಳ್ಳೆಯ ಐದು ಬರಹಗಳಲ್ಲಿ ಅದೂ ಒಂದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಪರಿವರ್ತಕ ಅರ್ಕಾವತ್ತು ಇರುವ ಪದಗಳಲ್ಲಿ ಮತ್ತು ಇಂಗ್ಲಿಷ್ ಪದ ನಡುವೆ ಬಂದ ಕಡೆಗಳಲ್ಲಿ ತಪ್ಪುತ್ತದೆ. ಪೂರ್ತಿ ಒಂದು ಸಲ ಓದಲೇಬೇಕು. ಒಂಬತ್ತಕ್ಕೆ ಎರಡು ರಾತ್ರಿ ಹಿಡಿಯಿತು. "ತೆಗೆ" ಅಂತ ಆಗಬೇಕಿದ್ದ ಒಂಬತ್ತೂ "ಇರಲಿ" ಆದವು.

ನಾಲ್ಕು ಮತ್ತು ಐದನೇ ವಾರ: ಸೇರಿಸುವುದು

ಇದೇ ಕಷ್ಟದ ಭಾಗ, ಇದಕ್ಕೇ ಜಾಸ್ತಿ ಸಮಯ ಹೋಯಿತು. ಯಾವ ಬರಹಗಳನ್ನು ಒಂದು ಮಾಡಬೇಕು ಅಂತ ಗೊತ್ತಾಗುವುದು ಹೇಗೆ? ವಿಷಯ ಒಂದೇ ಆದರೆ ಸಾಲದು. ಹುಡುಕಿಕೊಂಡು ಬರುವವರ ಕೈಯಲ್ಲಿ ಇರುವ ಕೆಲಸ ಒಂದೇ ಆಗಿರಬೇಕು. ಇದಕ್ಕೆ ಸರ್ಚ್ ಕನ್ಸೋಲಿನಲ್ಲಿ ಒಂದು ಗುರುತು ಸಿಗುತ್ತದೆ. ಒಂದು ಹುಡುಕು ಪದ ಆರಿಸಿ ಪುಟಗಳ ಪಟ್ಟಿ ನೋಡಿ. ಅದೇ ಪದಕ್ಕೆ ಒಮ್ಮೆ ಈ ಪುಟ, ಇನ್ನೊಮ್ಮೆ ಆ ಪುಟ ಅಂತ ಎರಡು ಮೂರು ಪುಟ ಬರುತ್ತಿದ್ದರೆ, ಗೂಗಲ್‌ಗೂ ಅವುಗಳ ನಡುವೆ ವ್ಯತ್ಯಾಸ ಕಾಣುತ್ತಿಲ್ಲ ಅಂತ ತಿಳಿಯಬಹುದು.

"ವಿಂಡೋಸ್ ಕನ್ನಡ ಟೈಪಿಂಗ್" ಎಂಬುದಕ್ಕೆ ನನ್ನ ಹತ್ತಿರ ಹನ್ನೊಂದು ಬರಹ ಇದ್ದವು. ಎಕ್ಸ್‌ಪಿಗೆ ಮೂರು, ವಿಸ್ತಾಕ್ಕೆ ಒಂದು, 7ಕ್ಕೆ ನಾಲ್ಕು, 8ಕ್ಕೆ ಒಂದು, 10ಕ್ಕೆ ಎರಡು. 11ಕ್ಕೆ ಒಂದೂ ಇಲ್ಲ! ಹನ್ನೊಂದನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ಹಸಿರು ಪೆನ್ನಿನಲ್ಲಿ ಇವತ್ತಿಗೂ ನಿಜ ಇರುವ ಸಾಲುಗಳಿಗೆ ಗೆರೆ ಎಳೆದೆ. ಎಕ್ಸ್‌ಪಿ ಬರಹಗಳಲ್ಲಿ ಹಸಿರು ಬಹಳ ಕಡಿಮೆ. ಅಲ್ಲಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಒಂದು ಟಿಕ್ ಹಾಕಿ, ಸಿಡಿಯಿಂದ ಫೈಲುಗಳನ್ನು ಹಾಕಿಕೊಂಡರೆ ಮಾತ್ರ ಒತ್ತಕ್ಷರ ಸರಿಯಾಗಿ ಕೂಡುತ್ತಿತ್ತು. ಈಗ ಅದು ಬೇಕಾಗಿಲ್ಲ. ತುಂಗಾ ಫಾಂಟ್ ಬಗ್ಗೆ ಬರೆದದ್ದೂ ಅರ್ಧ ಹಳತಾಗಿತ್ತು. ವಿಂಡೋಸ್ 10ರಿಂದ ಅದು ತಾನಾಗಿ ಬರುವುದಿಲ್ಲ, ಐಚ್ಛಿಕ ಫಾಂಟ್‌ಗಳ ಜೊತೆ ಹಾಕಿಕೊಳ್ಳಬೇಕು. ಪರದೆಯ ಮೇಲೆ ಕನ್ನಡ ತೋರಿಸುವ ಕೆಲಸ ಈಗ ನಿರ್ಮಲಾ ಯುಐದು. ಹಳೆಯ ದಾಖಲೆ ತೆರೆದಾಗ ಅಕ್ಷರದ ಅಳತೆ ಬದಲಾಗಿದೆ ಅಂತ ಜನ ಕೇಳುವುದು ಇದರಿಂದಲೇ. ಆ ಸಾಲು ಹಸಿರು.

ಅತಿ ಹೆಚ್ಚು ಹಸಿರು ಸಿಕ್ಕಿದ್ದು "ಟೈಪ್ ಆಗದಿದ್ದರೆ" ಎಂಬ ಆ `-2` ಬರಹದಲ್ಲಿ. ಓದುಗರು ವರ್ಷಗಟ್ಟಲೆ ಬರೆದು ಕೇಳಿದ ಪ್ರಶ್ನೆಗಳಿಂದ ಅದು ಬೆಳೆದಿತ್ತು. ಹೊಸ ಬರಹಕ್ಕೆ ಅದನ್ನೇ ಬೆನ್ನೆಲುಬು ಮಾಡಿಕೊಂಡೆ. ವಿಂಡೋಸ್ 11ರ ಹೆಜ್ಜೆಗಳನ್ನು ತಂಗಿಯ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಮಾಡಿ ನೋಡಿ ಬರೆದೆ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್, ಅಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಬೋರ್ಡ್ ಹಾಕಿಕೊಳ್ಳುವುದು. ಈ ಫೊನೆಟಿಕ್ ಕೀಬೋರ್ಡ್ ವಿಂಡೋಸಿಗೆ ಬಂದದ್ದು 2019ರ ಮೇ ಅಪ್‌ಡೇಟಿನಲ್ಲಿ. ನನ್ನ ಎರಡೂ ವಿಂಡೋಸ್ 10 ಬರಹಗಳು ಅದಕ್ಕಿಂತ ಹಳೆಯವು. ಹಾಗಾಗಿ ಅವು ಹೊರಗಿನ ತಂತ್ರಾಂಶ ಹಾಕಿಕೊಳ್ಳಿ ಎನ್ನುತ್ತಿದ್ದವು. ಅದರಲ್ಲೊಂದು, ಗೂಗಲ್‌ನ ವಿಂಡೋಸ್ ಇನ್‌ಪುಟ್ ಟೂಲ್, ಈಗ ಗೂಗಲ್ ಕೊಡುತ್ತಲೇ ಇಲ್ಲ.

ವಿಳಾಸ ಯಾವುದು ಉಳಿಯಬೇಕು? ಸಾಮಾನ್ಯವಾಗಿ ಹಳೆಯದು, ಹೊರಗಿನ ಲಿಂಕ್ ಜಾಸ್ತಿ ಇರುವುದು ಉಳಿಯಬೇಕು. ಇಲ್ಲಿ ಮಾತ್ರ ಆ ವಿಳಾಸದೊಳಗೇ "7" ಇತ್ತು. ಇನ್ನು ಹತ್ತು ವರ್ಷ ಅದನ್ನು ಹೊತ್ತುಕೊಂಡು ಹೋಗುವುದು ಬೇಡ ಅಂತ ಚಿಕ್ಕದೊಂದು ಹೊಸ ವಿಳಾಸ ಕೊಟ್ಟೆ, ಹನ್ನೊಂದನ್ನೂ ಅಲ್ಲಿಗೆ ಶಾಶ್ವತವಾಗಿ ತಿರುಗಿಸಿದೆ, ಅಂದರೆ 301 ಮಾಡಿದೆ.

ಅಲ್ಲೂ ಒಂದು ಪಾಠ ಇತ್ತು. ನಿಯಮಗಳನ್ನು ಮೊದಲು ಶೇಕಡಾ ಚಿಹ್ನೆಗಳಲ್ಲಿ ಬರೆದೆ. ಒಂದೂ ಕೆಲಸ ಮಾಡಲಿಲ್ಲ. ನನ್ನ ಸೈಟಿನ ವೆಬ್ ಸರ್ವರ್ ಆದ ಅಪಾಚೆ ವಿಳಾಸವನ್ನು ಮೊದಲು ಬಿಡಿಸಿಕೊಂಡು, ಆಮೇಲೆ ನಿಯಮದ ಜೊತೆ ಹೋಲಿಸುತ್ತದೆ. ಹಾಗಾಗಿ ನಿಯಮವನ್ನು ನೇರ ಕನ್ನಡದಲ್ಲೇ ಬರೆದು, `.htaccess` ಫೈಲನ್ನು ಯುಟಿಎಫ್-8ರಲ್ಲಿ ಉಳಿಸಬೇಕು. ವರ್ಡ್‌ಪ್ರೆಸ್ ತಾನೇ ಬರೆದುಕೊಂಡಿರುವ ಭಾಗಕ್ಕಿಂತ ಇದು ಮೇಲೆ ಇರಬೇಕು.

```
RewriteEngine On
RewriteRule ^ವಿಂಡೋಸ್-7ರಲ್ಲಿ-ಕನ್ನಡ-ಟೈಪ್-2/?$ /windows-kannada/ [R=301,L]
```

ಪ್ರತಿ ನಿಯಮ ಹಾಕಿದ ಮೇಲೂ `curl -I` ಮಾಡಿ ನೋಡಿದೆ. ಮೊದಲ ಸಾಲಿನಲ್ಲಿ 301, ಕೆಳಗೆ `Location` ಸರಿಯಾದ ಪುಟ, ಆ ಪುಟಕ್ಕೆ ಹೋದರೆ ನೇರ 200. ನಡುವೆ ಇನ್ನೊಂದು 301 ಬಂದರೆ ಹಳೆಯ ಯಾವುದೋ ನಿಯಮ ಉಳಿದಿದೆ ಅಂತ. ಸೈಟಿನ ಒಳಗಿನ ಲಿಂಕ್‌ಗಳನ್ನೂ ಹೊಸ ವಿಳಾಸಕ್ಕೆ ತಿದ್ದಿದೆ.

ತಿದ್ದಿದ್ದು: ರ‍್ಯಾಂಕ್

ತಿದ್ದಲು 74 ಬರಹ ಸಿಕ್ಕವು. ಹೆಚ್ಚಿನವುಗಳಲ್ಲಿ ಒಂದೆರಡು ಹೆಜ್ಜೆ, ಒಂದು ಚಿತ್ರ. ಒಂದನ್ನು ಮಾತ್ರ ಹೇಳಲೇಬೇಕು. "ರ‍್ಯಾಂಕ್", "ರ‍್ಯಾಲಿ" ಬರೆಯಲು ಹೋದರೆ ರ ಮೇಲೆ ನಿಲ್ಲುವ ಬದಲು ಅರ್ಕಾವತ್ತಾಗಿ "ರ್ಯಾಂಕ್" ಆಗಿಬಿಡುತ್ತದೆ ಅಲ್ವಾ? ಅದಕ್ಕೆ ಕೂಡಿಸುವ ಕಾಣದ ಚಿಹ್ನೆ ಬೇಕು. 2010ರ ಬರಹದಲ್ಲಿ ಅದನ್ನು ಹಲಂತ್ ಆದಮೇಲೆ ಹಾಕಿ ಅಂತ ಬರೆದಿದ್ದೆ. ಯೂನಿಕೋಡಿನ ಕ್ರಮ ಹಾಗಲ್ಲ. ರ, ಆಮೇಲೆ ಆ ಚಿಹ್ನೆ, ಆಮೇಲೆ ಹಲಂತ್, ಆಮೇಲೆ ಯ.

```
ರ + U+200D + ್ + ಯ
```

ತಪ್ಪು ಕ್ರಮದಲ್ಲಿ ಬರೆದದ್ದು ಒಂದು ಫೋನಿನಲ್ಲಿ ಸರಿ ಕಂಡರೂ ಇನ್ನೊಂದರಲ್ಲಿ ಒಡೆದು ಕಾಣಬಹುದು, ಹುಡುಕಿದರೆ ಸಿಗುವುದೂ ಇಲ್ಲ. ಸುಮ್ಮನೆ ತಿದ್ದಿ ಮುಚ್ಚಿಡಲಿಲ್ಲ. ಹಿಂದೆ ಹೀಗೆ ಬರೆದಿದ್ದೆ, ಅದು ತಪ್ಪು, ಹಾಗೆ ಟೈಪ್ ಮಾಡಿದ್ದರೆ ಹೀಗೆ ಬದಲಿಸಿಕೊಳ್ಳಿ ಅಂತ ಮೇಲ್ಗಡೆಯೇ ಹಾಕಿದೆ. ನನ್ನ ಮಾತು ನಂಬಿ ಟೈಪ್ ಮಾಡಿದವರಿಗೆ ಅಷ್ಟು ಹೇಳಲೇಬೇಕು. ತಾರೀಖಿನ ಬಗ್ಗೆಯೂ ಹೀಗೇ. ಹೆಜ್ಜೆಗಳನ್ನು ಮಾಡಿ ನೋಡಿದ ದಿನವನ್ನು ಮಾತ್ರ "ಪರಿಷ್ಕರಿಸಿದ್ದು" ಅಂತ ಹಾಕಿದೆ. ಕಾಗುಣಿತ ತಿದ್ದಿದ್ದಕ್ಕೆಲ್ಲ ತಾರೀಖು ಮುಟ್ಟಲಿಲ್ಲ.

ಆರನೇ ವಾರ: ತೆಗೆದದ್ದು, ತೆಗೆಯದೆ ಬಿಟ್ಟದ್ದು

89 ಹೋದವು. ಅವಕ್ಕೆ 410 ಕೊಟ್ಟೆ, ಅಂದರೆ "ಇತ್ತು, ಈಗ ಇಲ್ಲ" ಅಂತ. ಮೇಲಿನ ನಿಯಮದಲ್ಲಿ ಗುರಿಯ ಜಾಗದಲ್ಲಿ ಒಂದು ಅಡ್ಡಗೆರೆ, ಕೊನೆಯಲ್ಲಿ `[G]`. ಮಾಮೂಲಿ 404 ಆದರೂ ಗೂಗಲ್‌ಗೆ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ಮುಂದೆ ಲಾಗ್ ನೋಡುವಾಗ ಬೇಕಂತಲೇ ತೆಗೆದದ್ದು ಯಾವುದು, ತಪ್ಪಿ ಮುರಿದದ್ದು ಯಾವುದು ಅಂತ ನನಗೆ ಬೇರೆ ಬೇರೆ ಗೊತ್ತಾಗುತ್ತದೆ. ತೆಗೆದ ಬರಹಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವವರಿದ್ದಾರೆ. ಅದು ಬೇಡ. ಓದುಗರಿಗೆ ಗೊಂದಲ, ಗೂಗಲ್ ಕೂಡ ಅದನ್ನು ಇಲ್ಲದ ಪುಟ ಅಂತಲೇ ಲೆಕ್ಕ ಹಾಕುತ್ತದೆ.

ಒಪೆರಾ ಮಿನಿ ಬರಹದ ಮುಂದೆ ಮಾತ್ರ ಬಹಳ ಹೊತ್ತು ಕೂತೆ. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡಲು ಶುರುವಾದದ್ದು 2012ರ 4.1ರಿಂದ. ಅದಕ್ಕೆ ಮುಂಚೆ ಫೋನಿನಲ್ಲಿ ಕನ್ನಡ ಓದಬೇಕಾದರೆ ಒಪೆರಾ ಮಿನಿಯಲ್ಲಿ `opera:config` ಅಂತ ಟೈಪ್ ಮಾಡಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಎಂಬ ಆಯ್ಕೆಯನ್ನು `Yes` ಮಾಡಬೇಕಿತ್ತು. ಆಗ ಅಕ್ಷರಗಳು ಚಿತ್ರವಾಗಿ ಬರುತ್ತಿದ್ದವು. ಎಷ್ಟೋ ಜನ ಫೋನಿನಲ್ಲಿ ಮೊದಲ ಸಲ ಕನ್ನಡ ಓದಿದ್ದು ಹಾಗೆ. ಈಗ ಯಾರಿಗೂ ಆ ಹೆಜ್ಜೆ ಬೇಡ. ಲೆಕ್ಕದ ಪ್ರಕಾರ ಹೋಗಬೇಕು. ನಾನು ಇಟ್ಟುಕೊಂಡೆ. ಮೇಲೆ ಒಂದು ಸೂಚನೆ ಹಾಕಿ, "ಇದು 2010ರ ಮಾತು, ಈಗಿನ ಫೋನಿಗೆ ಇದು ಬೇಕಿಲ್ಲ" ಅಂತ ಬರೆದೆ. ದಾರಿ ತಪ್ಪಿಸುವ ಹಳೆಯ ಬರಹ ಬೇರೆ, ಒಂದು ಕಾಲವನ್ನು ಹೇಳುವ ಹಳೆಯ ಬರಹ ಬೇರೆ. ಎರಡನೆಯದನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಎರಡು ತಿಂಗಳ ಮೇಲೆ

ಒಟ್ಟು ಹೀಗಾಯಿತು: 118 ಇದ್ದ ಹಾಗೇ, 74 ತಿದ್ದಿದ್ದು, 131 ಸೇರಿ 29 ಆದವು, 89 ಹೋದವು. 412 ಇದ್ದದ್ದು 221.

ಎಂಟು ವಾರ ಬಿಟ್ಟು ಸೇರಿಸಿದ ಬರಹಗಳನ್ನು ಪರೀಕ್ಷಿಸಿದೆ. ಹಳೆಯ ಪುಟಗಳಿಗೆ ಜನರನ್ನು ತರುತ್ತಿದ್ದ ಹುಡುಕು ಪದಗಳ ಪಟ್ಟಿಯನ್ನು ಮೊದಲೇ ಇಟ್ಟುಕೊಂಡಿದ್ದೆ. ಅವೇ ಪದಗಳು ಈಗ ಹೊಸ ಪುಟಕ್ಕೆ ಬರುತ್ತಿವೆಯಾ ಅಂತ ನೋಡಬೇಕು. ಪುಟದ ಒಟ್ಟು ಕ್ಲಿಕ್ ನೋಡಿದರೆ ಇದು ಗೊತ್ತಾಗುವುದಿಲ್ಲ. ವಿಂಡೋಸ್ ಪುಟ ಚೆನ್ನಾಗಿತ್ತು, ಹನ್ನೊಂದರ ಪದಗಳೂ ಅಲ್ಲಿಗೇ ಬರುತ್ತಿದ್ದವು.

ಒಂದು ಮಾತ್ರ ಕೆಟ್ಟಿತ್ತು, ಅದೂ ಆ ರ‍್ಯಾಂಕ್ ಬರಹವೇ. ತಿದ್ದಿದ ಮೇಲೆ, ಚಿಕ್ಕದಾಯಿತು ಅಂತ ಅದನ್ನೂ ಇನ್ನು ಎಂಟನ್ನೂ ಸೇರಿಸಿ "ಕನ್ನಡ ಟೈಪಿಂಗಿನ ಗೊಂದಲಗಳು" ಅಂತ ಉದ್ದದ ಪುಟ ಮಾಡಿದ್ದೆ. ಮುಂಚೆ ತಿಂಗಳಿಗೆ ಸುಮಾರು 90 ಜನ ಆ ಒಂದು ಪ್ರಶ್ನೆಗೆ ಬರುತ್ತಿದ್ದರು. ಈಗ 20. ಪುಟ ತೆರೆದು ನೋಡಿದರೆ ಕಾರಣ ಎದುರಿಗೇ ಇತ್ತು. ಉತ್ತರ ಇದ್ದದ್ದು ಆರನೇ ಪರದೆಯ ಕೆಳಗೆ. ರ‍್ಯ ಹುಡುಕಿ ಬಂದವರಿಗೂ ಅಂಕಿಗಳನ್ನು ಕನ್ನಡದಲ್ಲಿ ಬರೆಯುವುದಕ್ಕೂ ಸಂಬಂಧ ಇಲ್ಲ. ವಿಷಯ ಒಂದೇ ಇತ್ತು, ಕೈಯಲ್ಲಿದ್ದ ಕೆಲಸ ಬೇರೆ ಬೇರೆ. ನಾನೇ ಹಾಕಿಕೊಂಡ ಅಳತೆಯನ್ನು ಅಲ್ಲಿ ಮರೆತಿದ್ದೆ.

ಮತ್ತೆ ಬೇರೆ ಮಾಡಿದೆ, ಹಳೆಯ ವಿಳಾಸದಲ್ಲೇ. ಆಗ ಇನ್ನೊಂದು ತಿಳಿಯಿತು. 301 ಎಂದರೆ ಶಾಶ್ವತ ಅಂತ ಬ್ರೌಸರ್ ನಂಬಿ ನೆನಪಿಟ್ಟುಕೊಳ್ಳುತ್ತದೆ. ನಿಯಮ ತೆಗೆದ ಮೇಲೂ ನನ್ನ ಫೋನ್ ಆ ಉದ್ದದ ಪುಟಕ್ಕೇ ಹೋಗುತ್ತಿತ್ತು. ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿದಾಗ ಸರಿ ಇತ್ತು. ನಡುವೆ ಬಂದುಹೋದ ಓದುಗರ ಫೋನುಗಳಲ್ಲಿ ಅದು ಎಷ್ಟು ದಿನ ಉಳಿಯುತ್ತದೋ, ಅದು ನನ್ನ ಕೈಯಲ್ಲಿಲ್ಲ. ಆದ್ದರಿಂದ ಆ ಉದ್ದದ ಪುಟದ ಮೇಲ್ಗಡೆ ರ‍್ಯ ಬರಹಕ್ಕೆ ಒಂದು ಲಿಂಕ್ ಹಾಕಿದ್ದೇನೆ, ಕೊನೆಗೆ `?x=1` ಅಂತ ಸೇರಿಸಿ. ಹಾಗಿದ್ದರೆ ಬ್ರೌಸರ್ ಅದನ್ನು ಬೇರೆ ವಿಳಾಸ ಅಂತ ತಿಳಿದು ನೇರ ಹೋಗುತ್ತದೆ. ಈಗ ಅನುಮಾನ ಇರುವ ಸೇರ್ಪಡೆಗೆಲ್ಲ ಮೊದಲ ಎಂಟು ವಾರ ತಾತ್ಕಾಲಿಕ ತಿರುವಾದ 302 ಹಾಕುತ್ತೇನೆ, ಸರಿ ಕಂಡಮೇಲೆ 301.

ಆ ಡಿಟಿಪಿ ಹಿರಿಯರಿಗೆ ಹೊಸ ವಿಂಡೋಸ್ ಪುಟದ ಲಿಂಕ್ ಕಳಿಸಿದ್ದೆ. ಮಾಡಿ ನೋಡಿ ಫೋನ್ ಮಾಡಿದರು. "ಬಂತು ಸರ್. ಆದ್ರೆ ನಾಲ್ಕನೇ ಚಿತ್ರದಲ್ಲಿ ಬಾಣದ ಗುರುತು ಒಂದು ಸಾಲು ಮೇಲಿದೆ, ನೋಡಿ." ನೋಡಿದೆ, ಹೌದು. ಇವತ್ತು ಸಂಜೆ ಆ ಚಿತ್ರ ಬದಲಿಸಬೇಕು.